ಸ್ಥಾವರಕ್ಕೆ ‘ಎ’, ಅಂಗಡಿಕಾರನಿಗೆ ‘ಇ’: ಕೇಳಲು ಒಂದೇ ಆದ ಇಂಗ್ಲಿಷ್ ಪದಗಳ ಗುಟ್ಟು

ನಿಂತಿದ್ದ ವ್ಯಾನಿಗೆ ಲಾರಿ ಡಿಕ್ಕಿ ಹೊಡೆಯಿತು ಎಂದು ಇಂಗ್ಲಿಷಿನಲ್ಲಿ ದೂರು ಬರೆಯಬೇಕಾಗಿದೆ ಎಂದುಕೊಳ್ಳೋಣ. ‘ಸ್ಟೇಷನರಿ ವ್ಯಾನ್’ ಎಂದು ಬರೆದರೆ ಕೆಲಸ ಮುಗಿಯಿತು. ಆದರೆ ಆ ಸ್ಟೇಷನರಿ ಎಂಬ ಪದದ ಕೊನೆಯಲ್ಲಿ ‘ಎ-ಆರ್-ವೈ’ ಎಂದು ಬರೆಯುವ ಬದಲು ‘ಇ-ಆರ್-ವೈ’ ಎಂದು ಬರೆದರೆ ವಾಕ್ಯದ ಅರ್ಥವೇ ಬದಲಾಗುತ್ತದೆ. ಮೊದಲನೆಯದು ನಿಂತಿದ್ದ ವ್ಯಾನು. ಎರಡನೆಯದು ಕಾಗದ, ಲಕೋಟೆ, ಪೆನ್ನು ಸಾಗಿಸುವ ವ್ಯಾನು. ಅದು ನಿಂತಿತ್ತೋ ಚಲಿಸುತ್ತಿತ್ತೋ ಎಂಬುದನ್ನು ವಾಕ್ಯ ಹೇಳುವುದೇ ಇಲ್ಲ. ಅಪಘಾತದ ಹೊಣೆ ಯಾರದೆಂದು ತೀರ್ಮಾನಿಸುವಾಗ ಮೊದಲು ಏಳುವ ಪ್ರಶ್ನೆಯೇ ಅದು. ಒಂದು ಅಕ್ಷರದ ವ್ಯತ್ಯಾಸದಿಂದ ಮುಖ್ಯವಾದ ಸಂಗತಿಯೇ ಕಾಗದದಿಂದ ಮಾಯವಾಗುತ್ತದೆ.

ಇಂತಹುದೇ ಇನ್ನೊಂದು ಜೋಡಿ ಪ್ರಿನ್ಸಿಪಲ್. ಕಾಲೇಜಿನ ಪ್ರಾಂಶುಪಾಲರೂ ಪ್ರಿನ್ಸಿಪಲ್, ಆರ್ಕಿಮಿಡೀಸನ ತತ್ವವೂ ಪ್ರಿನ್ಸಿಪಲ್. ಕನ್ನಡ ಲಿಪಿಯಲ್ಲಿ ಬರೆದಾಗ ಎರಡಕ್ಕೂ ಭೇದವಿಲ್ಲ. ಇಂಗ್ಲಿಷಿನಲ್ಲಿ ಬರೆಯುವಾಗ ಮಾತ್ರ ಪ್ರಾಂಶುಪಾಲರ ಪದ ‘ಎ-ಎಲ್’ ಎಂದೂ ತತ್ವದ ಪದ ‘ಎಲ್-ಇ’ ಎಂದೂ ಮುಗಿಯುತ್ತದೆ. ಈ ಎರಡು ಜೋಡಿಗಳಲ್ಲಿ ತಪ್ಪುವವರು ಶಾಲಾ ವಿದ್ಯಾರ್ಥಿಗಳಷ್ಟೇ ಅಲ್ಲ. ಇಂಗ್ಲಿಷನ್ನೇ ಮಾತೃಭಾಷೆಯಾಗಿ ಉಳ್ಳವರೂ ಇಲ್ಲಿ ಎಡವುತ್ತಾರೆ. ಗಣಕದ ಕಾಗುಣಿತ ಪರೀಕ್ಷಕಕ್ಕೂ ಈ ತಪ್ಪು ಎಷ್ಟೋ ಬಾರಿ ಕಾಣುವುದಿಲ್ಲ. ಏಕೆಂದರೆ ಬರೆದ ಪದ ನಿಘಂಟಿನಲ್ಲಿ ಇದ್ದೇ ಇರುತ್ತದೆ. ತಪ್ಪಿರುವುದು ಪದದಲ್ಲಲ್ಲ, ಅದನ್ನು ಕೂರಿಸಿದ ಜಾಗದಲ್ಲಿ.

ಕಿವಿಗೆ ಏಕೆ ತಿಳಿಯುವುದಿಲ್ಲ?

ಕನ್ನಡದಲ್ಲಿ ಪ್ರತಿಯೊಂದು ಸ್ವರಕ್ಕೂ ತನ್ನದೇ ಚಿಹ್ನೆಯಿದೆ. ಉಚ್ಚರಿಸಿದಂತೆ ಬರೆದರೆ ಬಹುಮಟ್ಟಿಗೆ ಸರಿಯಾಗುತ್ತದೆ. ಇಂಗ್ಲಿಷಿನ ನಡೆ ಬೇರೆ. ಅಲ್ಲಿ ಪದದ ಒಂದು ಭಾಗವನ್ನು ಒತ್ತಿ ಹೇಳಿ, ಉಳಿದ ಭಾಗಗಳನ್ನು ಸಡಿಲವಾಗಿ ಉಚ್ಚರಿಸುವುದು ರೂಢಿ. ಒತ್ತು ಬೀಳದ ಕಡೆ ‘ಎ’ ಇರಲಿ ‘ಇ’ ಇರಲಿ, ಎಲ್ಲವೂ ಒಂದೇ ಬಗೆಯ ಅಸ್ಪಷ್ಟ ಸ್ವರವಾಗಿ ಬಿಡುತ್ತವೆ. ಪ್ರಿನ್ಸಿಪಲ್ ಎಂಬಲ್ಲಿ ಒತ್ತು ಮೊದಲ ‘ಪ್ರಿನ್’ ಮೇಲೆ ಬೀಳುತ್ತದೆ. ಸ್ಟೇಷನರಿ ಎಂಬಲ್ಲಿ ‘ಸ್ಟೇ’ ಮೇಲೆ ಬೀಳುತ್ತದೆ. ವ್ಯತ್ಯಾಸವಿರುವುದು ಪದದ ಬಾಲದಲ್ಲಿ. ಅಲ್ಲಿಗೆ ಬರುವಷ್ಟರಲ್ಲಿ ದನಿ ಕುಗ್ಗಿರುತ್ತದೆ.

ಆದ್ದರಿಂದ ಪದವನ್ನು ಎಷ್ಟು ಬಾರಿ ಗಟ್ಟಿಯಾಗಿ ಹೇಳಿಕೊಂಡರೂ ಕಾಗುಣಿತ ಹೊಳೆಯದು. ಆದರೆ ಒಂದು ಉಪಾಯವಿದೆ. ಅದೇ ಪದದಿಂದ ಹುಟ್ಟಿದ ಬಂಧುವೊಂದರಲ್ಲಿ ಒತ್ತು ಆ ಬಾಲದ ಮೇಲೆಯೇ ಬಿದ್ದರೆ, ಅಡಗಿದ ಸ್ವರ ಹೊರಗೆ ಬರುತ್ತದೆ. ಮೊನಾಕೊ ಒಂದು ‘ಪ್ರಿನ್ಸಿಪ್ಯಾಲಿಟಿ’, ಅಂದರೆ ರಾಜಕುಮಾರನ ಆಳ್ವಿಕೆಗೆ ಒಳಪಟ್ಟ ಪುಟ್ಟ ರಾಜ್ಯ. ಇಲ್ಲಿ ಒತ್ತು ‘ಪ್ಯಾ’ ಮೇಲೆ ಬೀಳುವುದರಿಂದ ‘ಎ’ ಸ್ಪಷ್ಟವಾಗಿ ಕೇಳಿಸುತ್ತದೆ. ಆ ರಾಜ್ಯದ ಹೆಸರು ಪ್ರಧಾನ, ಪ್ರಮುಖ ಎಂಬ ಅರ್ಥದ ಪ್ರಿನ್ಸಿಪಲ್‌ಗೆ ನೇರ ಬಂಧು. ಆದ್ದರಿಂದ ‘ಪ್ರಮುಖ’ ಎಂಬ ಅರ್ಥವಿದ್ದರೆ ‘ಎ-ಎಲ್’.

ಪ್ರಿನ್ಸಿಪಲ್: ಪ್ರಮುಖವೋ, ತತ್ವವೋ?

ಎರಡು ಪದಗಳ ಮೂಲ ಒಂದೇ. ಲ್ಯಾಟಿನ್ನಿನಲ್ಲಿ ‘ಪ್ರಿನ್‌ಸೆಪ್ಸ್’ ಎಂದರೆ ಮೊದಲ ಸ್ಥಾನ ಪಡೆದವನು, ಮುಖಂಡ. ಪ್ರಿನ್ಸ್ ಎಂಬ ಪದ ಬಂದದ್ದೂ ಅಲ್ಲಿಂದಲೇ. ಅದರ ವಿಶೇಷಣ ರೂಪ ‘ಪ್ರಿನ್ಸಿಪಾಲಿಸ್’. ಇದರಲ್ಲಿ ‘ಎ-ಎಲ್’ ಮೊದಲೇ ಕೂತಿದೆ. ಅದೇ ಬೇರಿನಿಂದ ‘ಆರಂಭ, ಮೂಲ’ ಎಂಬ ಅರ್ಥದ ‘ಪ್ರಿನ್ಸಿಪಿಯಮ್’ ಎಂಬ ನಾಮಪದ ಹುಟ್ಟಿತು. ಅದು ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬರುವಾಗ ಕೊನೆಗೆ ಒಂದು ‘ಎಲ್’ ಅಂಟಿಕೊಂಡಿತು. ಫ್ರೆಂಚರು ಇಂದಿಗೂ ತತ್ವ ಎಂಬ ಅರ್ಥದ ತಮ್ಮ ಪದವನ್ನು ಆ ‘ಎಲ್’ ಇಲ್ಲದೆಯೇ ಬರೆಯುತ್ತಾರೆ. ಹೀಗೆ ಬೇರೆ ಬೇರೆ ದಾರಿಯಲ್ಲಿ ಬಂದ ಅಣ್ಣತಮ್ಮಂದಿರು ಇಂಗ್ಲಿಷಿನ ನಾಲಗೆಯಲ್ಲಿ ಒಂದೇ ದನಿಯವರಾದರು.

ಈ ಜೋಡಿಗೆ ಬಹಳ ಪ್ರಸಿದ್ಧವಾದ ನೆನಪಿನ ಸೂತ್ರವೊಂದು ಅಮೆರಿಕದ ಶಾಲೆಗಳಲ್ಲಿದೆ. ಪ್ರಿನ್ಸಿಪಲ್ ನಿನ್ನ ‘ಪ್ಯಾಲ್’, ಅಂದರೆ ಗೆಳೆಯ, ಎಂದು ಮಕ್ಕಳಿಗೆ ಹೇಳಿಕೊಡುತ್ತಾರೆ. ಗೆಳೆಯ ಎಂಬ ಪದದ ಕಾಗುಣಿತ ‘ಪಿ-ಎ-ಎಲ್’. ಅದು ಮುಖ್ಯಸ್ಥರ ಪದದ ಕೊನೆಯಲ್ಲಿ ಹಾಗೆಯೇ ಇದೆ. ಸೂತ್ರ ಚುರುಕಾಗಿದೆ, ಆದರೆ ಅದಕ್ಕೆ ಎರಡು ಕುಂದುಗಳಿವೆ. ನಮ್ಮಲ್ಲಿ ‘ಪ್ಯಾಲ್’ ಎಂಬ ಮಾತು ದಿನಬಳಕೆಯದಲ್ಲ. ಸೂತ್ರವನ್ನು ನೆನಪಿಡಲು ಇನ್ನೊಂದು ಅಪರಿಚಿತ ಪದವನ್ನು ನೆನಪಿಡಬೇಕಾಗುತ್ತದೆ. ಎರಡನೆಯದು ಇನ್ನೂ ಗಂಭೀರವಾದುದು. ಈ ಸೂತ್ರ ಕಲಿತವರು ‘ಎ-ಎಲ್’ ಎಂದರೆ ವ್ಯಕ್ತಿ, ‘ಎಲ್-ಇ’ ಎಂದರೆ ಉಳಿದದ್ದೆಲ್ಲ ಎಂದು ಭಾವಿಸಿಬಿಡುತ್ತಾರೆ. ಅಲ್ಲಿಯೇ ಮೋಸ.

ಬ್ಯಾಂಕಿನ ಸಾಲವನ್ನೇ ನೋಡಬಹುದು. ವರ್ಷಕ್ಕೆ ಶೇ. 12ರ ಬಡ್ಡಿಯಂತೆ ಒಂದು ಲಕ್ಷ ರೂಪಾಯಿ ಸಾಲ ಪಡೆದು, 24 ಸಮಾನ ಕಂತುಗಳಲ್ಲಿ ತೀರಿಸುವುದಾದರೆ ತಿಂಗಳ ಕಂತು ಸುಮಾರು 4,707 ರೂಪಾಯಿ ಆಗುತ್ತದೆ. ಮೊದಲ ತಿಂಗಳು ಅದರಲ್ಲಿ 1,000 ರೂಪಾಯಿ ಬಡ್ಡಿಗೆ ಹೋಗುತ್ತದೆ. ಉಳಿದ 3,707 ರೂಪಾಯಿ ಅಸಲಿಗೆ ಜಮೆಯಾಗುತ್ತದೆ. ಈ ಅಸಲನ್ನು ಇಂಗ್ಲಿಷಿನಲ್ಲಿ ಪ್ರಿನ್ಸಿಪಲ್ ಎನ್ನುತ್ತಾರೆ. ಅದು ವ್ಯಕ್ತಿಯಲ್ಲ, ಗೆಳೆಯನಂತೂ ಅಲ್ಲವೇ ಅಲ್ಲ. ಆದರೂ ಕಾಗುಣಿತ ‘ಎ-ಎಲ್’. ಏಕೆಂದರೆ ಅದು ಮೂಲಮೊತ್ತ, ಸಾಲದ ಪ್ರಮುಖ ಭಾಗ. ಬಡ್ಡಿ ಅದರ ಬೆನ್ನಿಗೆ ಬರುವಂತಹುದು.

ಕಾನೂನಿನಲ್ಲಿಯೂ ಹೀಗೆಯೇ. 1872ರ ಭಾರತೀಯ ಕರಾರು ಅಧಿನಿಯಮದ 182ನೇ ಪ್ರಕರಣವು ಏಜೆಂಟ್ ಯಾರು, ಪ್ರಿನ್ಸಿಪಲ್ ಯಾರು ಎಂದು ವಿವರಿಸುತ್ತದೆ. ಇನ್ನೊಬ್ಬರ ಪರವಾಗಿ ಕಾರ್ಯ ನಡೆಸುವವನು ಏಜೆಂಟ್. ಯಾರ ಪರವಾಗಿ ನಡೆಸುತ್ತಾನೋ ಅವರು ಪ್ರಿನ್ಸಿಪಲ್. ಈ ‘ಮೂಲವ್ಯಕ್ತಿ’ಯ ಕಾಗುಣಿತವೂ ‘ಎ-ಎಲ್’. ಭೌತವಿಜ್ಞಾನದಲ್ಲಿ ಮಸೂರದ ಪ್ರಧಾನ ಅಕ್ಷ, ಸರ್ಕಾರದಲ್ಲಿ ಪ್ರಧಾನ ಕಾರ್ಯದರ್ಶಿ, ಇವೆಲ್ಲವೂ ‘ಎ-ಎಲ್’ ಕುಲದವೇ. ಇದಕ್ಕೆ ಎದುರಾಗಿ, ಭಾರತ ಸಂವಿಧಾನದ ನಾಲ್ಕನೇ ಭಾಗದಲ್ಲಿರುವ ರಾಜ್ಯನೀತಿಯ ನಿರ್ದೇಶಕ ತತ್ವಗಳು ‘ಎಲ್-ಇ’. ಆರ್ಕಿಮಿಡೀಸನ ತತ್ವವೂ ‘ಎಲ್-ಇ’.

ಇಷ್ಟು ಉದಾಹರಣೆಗಳನ್ನು ಎದುರಿಗಿಟ್ಟುಕೊಂಡರೆ ಗೆಳೆಯನಿಗಿಂತ ಗಟ್ಟಿಯಾದ ಸೂತ್ರ ತಾನಾಗಿ ಮೂಡುತ್ತದೆ. ವಾಕ್ಯದಲ್ಲಿ ಆ ಪದದ ಜಾಗಕ್ಕೆ ಕನ್ನಡದ ‘ತತ್ವ’ ಅಥವಾ ‘ನಿಯಮ’ ಎಂಬುದನ್ನು ಇಟ್ಟು ನೋಡಬೇಕು. ಕೂತರೆ ‘ಎಲ್-ಇ’. ಕೂರದಿದ್ದರೆ, ಬೇರೇನನ್ನೂ ಯೋಚಿಸದೆ ‘ಎ-ಎಲ್’. ನೆನಪಿಗೆ ಆಧಾರ ಬೇಕೆಂದರೆ, ನಿಯಮ ಎಂಬ ಅರ್ಥದ ‘ರೂಲ್’ ಎಂಬ ಇಂಗ್ಲಿಷ್ ಪದವಿದೆ. ಅದರ ಕಾಗುಣಿತ ‘ಆರ್-ಯು-ಎಲ್-ಇ’. ರೂಲ್ ‘ಎಲ್-ಇ’ಯಲ್ಲಿ ಮುಗಿಯುತ್ತದೆ, ತತ್ವವೂ ‘ಎಲ್-ಇ’ಯಲ್ಲಿ ಮುಗಿಯುತ್ತದೆ.

ಸಾಲದ ಲೆಕ್ಕ ಬರೆಯುವವರಿಗೆ ಕನ್ನಡದ್ದೇ ಒಂದು ಆಸರೆಯಿದೆ. ‘ಅಸಲು’ ಎಂಬುದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ‘ಎ-ಎಸ್-ಎ-ಎಲ್-ಯು’. ನಟ್ಟನಡುವೆ ‘ಎ-ಎಲ್’ ಇದೆ.

ವ್ಯಾಕರಣದ ದೃಷ್ಟಿಯಿಂದ ಹೇಳುವುದಾದರೆ, ‘ಎಲ್-ಇ’ ಪದ ನಾಮಪದ ಮಾತ್ರ. ಅದು ಇನ್ನೊಂದು ನಾಮಪದದ ಹಿಂದೆ ನಿಂತು ಅದನ್ನು ವರ್ಣಿಸುವುದಿಲ್ಲ. ಪ್ರಮುಖ ಕಾರಣ, ಪ್ರಮುಖ ಆಕ್ಷೇಪ, ಪ್ರಮುಖ ನಗರ ಎಂದು ವಿಶೇಷಣವಾಗಿ ಬಳಸುವಾಗಲೆಲ್ಲ ‘ಎ-ಎಲ್’ ಬರಬೇಕು. ನ್ಯಾಷನಲ್, ಸೆಂಟ್ರಲ್, ಮುನಿಸಿಪಲ್ ಮೊದಲಾದ ವಿಶೇಷಣಗಳೂ ‘ಎ-ಎಲ್’ನಲ್ಲೇ ಮುಗಿಯುವುದನ್ನು ಗಮನಿಸಬಹುದು. ಒಂದು ಎಚ್ಚರಿಕೆ ಮಾತ್ರ ಇದೆ. ತತ್ವನಿಷ್ಠ ಮನುಷ್ಯನನ್ನು ‘ಪ್ರಿನ್ಸಿಪಲ್ಡ್’ ಎಂದು ವರ್ಣಿಸುವಾಗ ‘ಎಲ್-ಇ’ಗೆ ‘ಡಿ’ ಸೇರುತ್ತದೆ. ಅದು ತತ್ವ ಎಂಬ ನಾಮಪದದಿಂದ ಬಂದ ಬೇರೆ ಪದ. ಅಲ್ಲಿಯೂ ‘ತತ್ವ’ ಎಂಬ ಪರೀಕ್ಷೆ ಸರಿಯಾದ ಉತ್ತರವನ್ನೇ ಕೊಡುತ್ತದೆ.

ಸ್ಟೇಷನರಿ: ನಿಂತ ಅಂಗಡಿಯ ಕಥೆ

ಎರಡನೆಯ ಜೋಡಿಯ ಹಿಂದಿನ ಕಥೆ ಇನ್ನೂ ಸ್ವಾರಸ್ಯಕರವಾಗಿದೆ. ನಿಶ್ಚಲ ಎಂಬ ಅರ್ಥದ ಪದಕ್ಕೂ ಲೇಖನ ಸಾಮಗ್ರಿ ಎಂಬ ಅರ್ಥದ ಪದಕ್ಕೂ ಸಂಬಂಧವೇ ಇಲ್ಲವೆಂದು ತೋರುತ್ತದೆ. ವಾಸ್ತವವಾಗಿ ಕಾಗದದ ಅಂಗಡಿ ಹುಟ್ಟಿದ್ದೇ ನಿಶ್ಚಲತೆಯಿಂದ.

ಮಧ್ಯಯುಗದ ಯುರೋಪಿನಲ್ಲಿ ಬಹುತೇಕ ಸಣ್ಣ ವ್ಯಾಪಾರಿಗಳು ಗಂಟು ಹೊತ್ತು ಊರಿಂದೂರಿಗೆ ತಿರುಗುವವರಾಗಿದ್ದರು. ಪುಸ್ತಕ ಮಾರುವವರು ಹಾಗೆ ತಿರುಗಲಾಗದು. ಅಚ್ಚಿನ ಯಂತ್ರ ಇಲ್ಲದ ಆ ಕಾಲದಲ್ಲಿ ಪುಸ್ತಕವೆಂದರೆ ಕೈಬರಹದ ಪ್ರತಿ. ಬೊಲೋನ್ಯ, ಪ್ಯಾರಿಸ್‌ನಂತಹ ವಿಶ್ವವಿದ್ಯಾಲಯಗಳ ಬಳಿ ಇವರು ಶಾಶ್ವತ ಮಳಿಗೆ ಇಟ್ಟುಕೊಂಡಿದ್ದರು. ಪಠ್ಯಗಳ ಅಧಿಕೃತ ಪ್ರತಿಯನ್ನು ಬಿಡಿ ಬಿಡಿ ಭಾಗಗಳಾಗಿ ಮಾಡಿ, ನಕಲು ಮಾಡಿಕೊಳ್ಳಲು ಒಂದೊಂದಾಗಿ ಬಾಡಿಗೆಗೆ ಕೊಡುತ್ತಿದ್ದರು. ಒಂದೇ ಸ್ಥಳದಲ್ಲಿ ನೆಲೆಯೂರಿ ವ್ಯಾಪಾರ ನಡೆಸುವ ಇವರಿಗೆ ಲ್ಯಾಟಿನ್ನಿನಲ್ಲಿ ‘ಸ್ಟಾಷಿಯೋನಾರಿಯಸ್’ ಎಂಬ ಹೆಸರು ಬಂತು. ಇಂಗ್ಲಿಷಿನಲ್ಲಿ ಅದು ‘ಸ್ಟೇಷನರ್’ ಎಂದಾಯಿತು. ಲಂಡನ್ನಿನ ಸ್ಟೇಷನರ್‌ಗಳು 1403ರಲ್ಲಿ ತಮ್ಮದೇ ಸಂಘ ಕಟ್ಟಿಕೊಂಡರು. 1557ರಲ್ಲಿ ಅದಕ್ಕೆ ರಾಜಸನದು ದೊರೆಯಿತು.

ಕಾಲಕ್ರಮದಲ್ಲಿ ಪುಸ್ತಕದ ವ್ಯಾಪಾರ ಬೇರೆಯವರ ಕೈಗೆ ಹೋಯಿತು. ಸ್ಟೇಷನರ್‌ನ ಬಳಿ ಕಾಗದ, ಮಸಿ, ಲೇಖನಿಗಳು ಉಳಿದವು. ಅವನು ಮಾರುವ ಸರಕಿಗೆ ಅವನದೇ ಹೆಸರು ನಿಂತಿತು. ಸ್ಟೇಷನರ್ ಎಂಬುದು ‘ಇ-ಆರ್’ ಎಂದು ಮುಗಿಯುತ್ತದೆ. ಅದಕ್ಕೆ ಒಂದು ‘ವೈ’ ಸೇರಿಸಿದರೆ ಲೇಖನ ಸಾಮಗ್ರಿಯ ಸ್ಟೇಷನರಿ ಸಿದ್ಧ. ಈ ರಚನೆ ಕನ್ನಡಿಗರಿಗೆ ಹೊಸದಲ್ಲ. ಬೇಕರ್ ನಡೆಸುವುದು ಬೇಕರಿ. ಅದರ ಕಾಗುಣಿತವೂ ‘ಇ-ಆರ್-ವೈ’ ಎಂದೇ ಮುಗಿಯುತ್ತದೆ. ಬೀದಿಯ ಮೂಲೆಯಲ್ಲಿರುವ ಬೇಕರಿಯನ್ನು ನೆನೆದುಕೊಂಡರೆ ಪಕ್ಕದ ಸ್ಟೇಷನರಿ ಅಂಗಡಿಯ ಕಾಗುಣಿತ ತಪ್ಪದು. ‘ಎ’ ಹಾಕಿ ಬರೆದ ಅಂಗಡಿಯ ಫಲಕವು ‘ಇದು ಕದಲದ ಅಂಗಡಿ’ ಎಂದು ಸಾರುತ್ತಿರುತ್ತದೆ. ಅದು ಸುಳ್ಳಲ್ಲವಾದರೂ ಅಂಗಡಿಯವನು ಹೇಳಬಯಸಿದ್ದು ಅದಲ್ಲ.

ಇನ್ನು ‘ಎ’ ಇರುವ ಪದ. ಇದು ವಿಶೇಷಣ. ಪ್ರೈಮರಿ, ಸೆಕೆಂಡರಿ, ಟೆಂಪರರಿ ಮೊದಲಾದ ವಿಶೇಷಣಗಳು ‘ಎ-ಆರ್-ವೈ’ ಎಂದು ಮುಗಿಯುವಂತೆ ಇದೂ ಮುಗಿಯುತ್ತದೆ. ಇದಕ್ಕೆ ಕನ್ನಡ ಓದುಗರ ಕೈಯಲ್ಲಿ ಇಂಗ್ಲಿಷರಿಗೂ ಇಲ್ಲದ ಒಂದು ಸೂತ್ರವಿದೆ. ಲ್ಯಾಟಿನ್ನಿನಲ್ಲಿ ‘ನಿಲ್ಲು’ ಎಂಬ ಅರ್ಥದ ಧಾತುವೂ ಸಂಸ್ಕೃತದ ‘ಸ್ಥಾ’ ಧಾತುವೂ ಒಂದೇ ಬೇರಿನವು. ಸ್ಟೇಷನ್, ಸ್ಟೇಷನರಿ ಮುಂತಾದವು ಅತ್ತ ಬೆಳೆದರೆ, ಸ್ಥಾನ, ಸ್ಥಿರ, ಸ್ಥಾವರ ಮುಂತಾದವು ಇತ್ತ ಬೆಳೆದವು. ವಚನ ಸಾಹಿತ್ಯದ ನಾಡಿನಲ್ಲಿ ಸ್ಥಾವರ ಮತ್ತು ಜಂಗಮ ಎಂಬ ಜೋಡಿಯನ್ನು ಯಾರಿಗೂ ವಿವರಿಸಬೇಕಾಗಿಲ್ಲ. ನಿಂತದ್ದು ಸ್ಥಾವರ, ಚಲಿಸುವುದು ಜಂಗಮ. ಸ್ಥಾವರವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ‘ಎಸ್-ಟಿ-ಎಚ್-ಎ-ವಿ-ಎ-ಆರ್-ಎ’. ಅದರಲ್ಲಿರುವ ಮೂರು ಸ್ವರಗಳೂ ‘ಎ’. ‘ಇ’ ಎಂಬ ಅಕ್ಷರಕ್ಕೆ ಅಲ್ಲಿ ಪ್ರವೇಶವೇ ಇಲ್ಲ. ಆದ್ದರಿಂದ ಸ್ಥಾವರ ಎಂಬ ಅರ್ಥವಿದ್ದರೆ ‘ಎ’.

ಈ ‘ಎ’ ಪದಕ್ಕೆ ಕರ್ನಾಟಕದಲ್ಲಿಯೇ ಒಂದು ದೊಡ್ಡ ನಿದರ್ಶನವಿದೆ. 1982ರಲ್ಲಿ ಹಾಸನದಲ್ಲಿ ಆರಂಭವಾದ ಇಸ್ರೋ ಸಂಸ್ಥೆಯ ಪ್ರಧಾನ ನಿಯಂತ್ರಣ ಕೇಂದ್ರವು ‘ಜಿಯೋಸ್ಟೇಷನರಿ’ ಉಪಗ್ರಹಗಳ ಮೇಲೆ ನಿಗಾ ಇಡುತ್ತದೆ. ಸಮಭಾಜಕದ ಮೇಲೆ ಸುಮಾರು 36,000 ಕಿ.ಮೀ. ಎತ್ತರದಲ್ಲಿ ಇವು ಭೂಮಿಯ ವೇಗಕ್ಕೆ ಸಮನಾಗಿ ಸುತ್ತುವುದರಿಂದ, ನೆಲದ ಮೇಲಿನವರಿಗೆ ಆಕಾಶದಲ್ಲಿ ನಿಂತಂತೆಯೇ ಕಾಣುತ್ತವೆ. ನಿಂತಂತೆ ಕಾಣುವುದರಿಂದ ‘ಎ’. ಇದಕ್ಕೆ ಎದುರಾಗಿ, ರಾಜ್ಯ ಸರ್ಕಾರದ ಮುದ್ರಣ, ಲೇಖನ ಸಾಮಗ್ರಿ ಮತ್ತು ಪ್ರಕಟಣೆಗಳ ಇಲಾಖೆಯ ಇಂಗ್ಲಿಷ್ ಹೆಸರಿನಲ್ಲಿ ‘ಇ’ ಇದೆ. ಅಲ್ಲಿ ವಿಷಯ ಕಾಗದದ್ದು.

ಒಂದೇ ಪತ್ರದಲ್ಲಿ ಎಲ್ಲವೂ

ಸೂತ್ರಗಳು ಕೈಗೆ ಹತ್ತಿವೆಯೇ ಎಂದು ತಿಳಿಯಲು ಒಂದು ಕಲ್ಪಿತ ಪತ್ರವನ್ನು ಬರೆದು ನೋಡಬಹುದು. ಕಾಲೇಜೊಂದರ ಪ್ರಾಂಶುಪಾಲರು ಆಡಳಿತ ಮಂಡಳಿಗೆ ಇಂಗ್ಲಿಷಿನಲ್ಲಿ ಪತ್ರ ಬರೆಯುತ್ತಿದ್ದಾರೆ. ರಸ್ತೆ ಬದಿಯಲ್ಲಿ ನಿಂತಿದ್ದ ಕಾಲೇಜಿನ ವ್ಯಾನಿಗೆ ಲಾರಿ ಗುದ್ದಿದೆ. ಒಳಗಿದ್ದ ಉತ್ತರ ಪತ್ರಿಕೆಯ ಕಾಗದ ಮತ್ತು ಲಕೋಟೆಗಳು ಮಳೆಯಲ್ಲಿ ನೆನೆದು ಹಾಳಾಗಿವೆ. ಹೊಸದಾಗಿ ಖರೀದಿಸಲು ತಾತ್ವಿಕ ಒಪ್ಪಿಗೆ ಬೇಕು. ತುರ್ತಿಗೆ ಪ್ರಮುಖ ಕಾರಣ ಮುಂದಿನ ವಾರದ ಪರೀಕ್ಷೆ. ವ್ಯಾನಿನ ಸಾಲದ ಅಸಲು ಇನ್ನೂ ಬಾಕಿಯಿದೆ ಎಂಬುದನ್ನೂ ತಿಳಿಸಬೇಕು.

ಮೊದಲು ಪತ್ರದ ತಲೆಯಲ್ಲಿರುವ ಪ್ರಾಂಶುಪಾಲರು. ಅಲ್ಲಿ ‘ತತ್ವ’ ಎಂಬುದು ಕೂರದು. ಆದ್ದರಿಂದ ‘ಎ-ಎಲ್’. ವ್ಯಾನು ನಿಂತಿತ್ತು, ಅಂದರೆ ಸ್ಥಾವರ, ‘ಎ-ಆರ್-ವೈ’. ಹಾಳಾದದ್ದು ಸ್ಟೇಷನರ್‌ನ ಸರಕು, ಬೇಕರಿಯಂತೆ ‘ಇ-ಆರ್-ವೈ’. ತಾತ್ವಿಕ ಒಪ್ಪಿಗೆ ಎಂಬುದಕ್ಕೆ ಇಂಗ್ಲಿಷಿನಲ್ಲಿ ‘ಇನ್ ಪ್ರಿನ್ಸಿಪಲ್’ ಎನ್ನುತ್ತಾರೆ. ತತ್ವ ಎಂಬ ಮಾತು ಕನ್ನಡದಲ್ಲಿಯೇ ಎದ್ದು ಕಾಣುತ್ತಿದೆ, ‘ಎಲ್-ಇ’. ಪ್ರಮುಖ ಕಾರಣ ವಿಶೇಷಣ, ‘ಎ-ಎಲ್’. ಅಸಲು ಎಂಬುದು ‘ಎ-ಎಲ್’. ಆರು ಜಾಗಗಳಲ್ಲಿ ಒಂದರಲ್ಲಿ ಮಾತ್ರ ‘ಎಲ್-ಇ’ ಬಂತು, ಒಂದರಲ್ಲಿ ಮಾತ್ರ ‘ಇ-ಆರ್-ವೈ’ ಬಂತು.

ಇದೇ ಪತ್ರದ ತಪ್ಪುಗಳನ್ನು ಯಂತ್ರಕ್ಕೆ ಬಿಟ್ಟರೆ ಏನಾಗುತ್ತದೆ? ಬರಿಯ ಕಾಗುಣಿತ ನೋಡುವ ತಂತ್ರಾಂಶ ಆರನ್ನೂ ಒಪ್ಪಿಕೊಳ್ಳುತ್ತದೆ. ಸಂದರ್ಭ ನೋಡುವ ಈಗಿನ ತಂತ್ರಾಂಶಗಳು ತಾತ್ವಿಕ ಒಪ್ಪಿಗೆಯಂತಹ ಸಿದ್ಧ ಪದಪುಂಜಗಳಲ್ಲಿ ತಪ್ಪನ್ನು ಸಾಮಾನ್ಯವಾಗಿ ಹಿಡಿಯುತ್ತವೆ. ಆದರೆ ವ್ಯಾನಿನ ವಾಕ್ಯದಲ್ಲಿ ಅವೂ ಸೋಲಬಹುದು. ನಿಂತ ವ್ಯಾನಿಗೆ ಲಾರಿ ಗುದ್ದಿತು ಎಂಬುದೂ ಸರಿ, ಲೇಖನ ಸಾಮಗ್ರಿಯ ವ್ಯಾನಿಗೆ ಲಾರಿ ಗುದ್ದಿತು ಎಂಬುದೂ ಸರಿ. ಅದರಲ್ಲೂ ಈ ವ್ಯಾನಿನೊಳಗೆ ಕಾಗದವೇ ಇತ್ತು! ಯಾವುದು ಸರಿ ಎಂದು ಬರೆದವರಿಗಷ್ಟೇ ಗೊತ್ತು. ಇಂತಹ ಕಡೆ ಸಂಶಯ ಉಳಿದರೆ ‘ಪಾರ್ಕ್ಡ್’ ಎಂಬ ಬೇರೆ ಪದವನ್ನೇ ಬಳಸುವುದು ಜಾಣತನ.

ಸೂತ್ರ ಕೈಕೊಡುವುದು ಯಾವಾಗ?

ನೆನಪಿನ ಸೂತ್ರ ಕಲಿತ ಮೇಲೂ ಕೆಲವರು ತಪ್ಪುವುದುಂಟು. ಅದಕ್ಕೆ ಸಾಮಾನ್ಯವಾಗಿ ಎರಡು ಕಾರಣಗಳು. ಮೊದಲನೆಯದು, ಜೋಡಿಯ ಎರಡೂ ಪದಗಳನ್ನು ಒಂದೇ ದಿನ ಅಕ್ಕಪಕ್ಕದಲ್ಲಿ ಬರೆದು ಕಂಠಪಾಠ ಮಾಡುವುದು. ಒಂದರಂತೆಯೇ ಇನ್ನೊಂದು ಇರುವುದರಿಂದ, ಎರಡು ದಿನಗಳ ನಂತರ ಎರಡೂ ಕಾಗುಣಿತ ನೆನಪಿರುತ್ತವೆ, ಯಾವುದು ಯಾವ ಅರ್ಥದ್ದು ಎಂಬುದು ಮಾತ್ರ ಅದಲುಬದಲಾಗುತ್ತದೆ. ಇದಕ್ಕೆ ಪರಿಹಾರ ಸರಳ. ಜೋಡಿಯಲ್ಲಿ ಒಂದಕ್ಕೆ ಮಾತ್ರ ಗೂಟ ಹೊಡೆಯಬೇಕು. ತತ್ವಕ್ಕೆ ‘ರೂಲ್’, ಸಾಮಗ್ರಿಗೆ ‘ಬೇಕರಿ’. ಇವೆರಡು ಗಟ್ಟಿಯಾದರೆ ಸಾಕು. ಉಳಿದದ್ದು ತಾನಾಗಿ ಇನ್ನೊಂದು ಕಾಗುಣಿತಕ್ಕೆ ಸೇರುತ್ತದೆ. ಸ್ಥಾವರ, ಅಸಲು ಇವು ಅನುಮಾನ ಬಂದಾಗ ತಾಳೆ ನೋಡಲು ಇರಲಿ.

ಎರಡನೆಯ ಕಾರಣ ಕನ್ನಡಿಗರಿಗೇ ವಿಶಿಷ್ಟವಾದುದು. ಇಂಗ್ಲಿಷಿನ ಮೊದಲ ಅಕ್ಷರವನ್ನು ನಾವು ‘ಎ’ ಎಂದು ಕರೆಯುತ್ತೇವೆ. ಆದರೆ ಕನ್ನಡದ ‘ಎ, ಏ’ ಸ್ವರಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ಬಳಸುವುದು ಐದನೆಯ ಅಕ್ಷರವನ್ನು. ಅದರ ಹೆಸರು ‘ಇ’. ಕನ್ನಡದ ‘ಇ’ ಸ್ವರಕ್ಕೆ ಬಳಸುವುದು ಒಂಬತ್ತನೆಯ ಅಕ್ಷರವನ್ನು. ಅದರ ಹೆಸರು ‘ಐ’. ಹೀಗಾಗಿ ‘ಲೇಖನಿಗೆ ಲೇ, ಅದಕ್ಕೇ ಇ’ ಎಂಬಂತಹ ಸೂತ್ರವನ್ನು ಬಾಯಲ್ಲಿ ಹೇಳಿಕೊಂಡರೆ, ‘ಲೇ’ ಎಂಬುದರಲ್ಲಿರುವ ಏಕಾರವನ್ನು ಕೇಳಿದ ಕಿವಿ ‘ಎ’ ಅಕ್ಷರದತ್ತ ಜಾರುತ್ತದೆ. ಸೂತ್ರವೇ ತಪ್ಪಿಗೆ ದಾರಿಯಾಗುತ್ತದೆ. ಆದ್ದರಿಂದ ಕನ್ನಡ ಪದಗಳನ್ನು ಆಸರೆಯಾಗಿ ಬಳಸುವಾಗ ಅವನ್ನು ಒಮ್ಮೆಯಾದರೂ ಇಂಗ್ಲಿಷ್ ಅಕ್ಷರಗಳಲ್ಲಿ ಕಾಗದದ ಮೇಲೆ ಬರೆದು ಕಣ್ಣಿನಿಂದ ನೋಡಬೇಕು. ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರಗಳಿಂದ ಕನ್ನಡ ಸಂದೇಶ ಬರೆಯುವವರಿಗೆ ಇದು ಈಗಾಗಲೇ ಅಭ್ಯಾಸವಾಗಿರುತ್ತದೆ.

ಪರೀಕ್ಷೆಯ ವಿಧಾನವೂ ಮುಖ್ಯ. ಬರೆದಿಟ್ಟ ಪದವನ್ನು ನೋಡಿ ಸರಿಯೆಂದು ತಲೆಯಾಡಿಸುವುದು ಸುಲಭ. ಕಾಗದದ ಎಡಗಡೆ ಅಸಲು, ನಿರ್ದೇಶಕ ತತ್ವ, ಲಕೋಟೆ, ನಿಂತ ಬಸ್ಸು ಎಂದು ಕನ್ನಡದಲ್ಲಿ ಮಾತ್ರ ಬರೆದುಕೊಂಡು, ಮೂರು ದಿನ ಬಿಟ್ಟು ಬಲಗಡೆ ಇಂಗ್ಲಿಷ್ ಪದ ತುಂಬಬೇಕು. ಅರ್ಥದಿಂದ ಕಾಗುಣಿತಕ್ಕೆ ಹೋಗುವ ದಾರಿ ತೆರೆದಿದೆಯೇ ಎಂಬುದು ಆಗ ತಿಳಿಯುತ್ತದೆ. ಪತ್ರ ಬರೆಯುವಾಗ ಬೇಕಾಗುವುದೂ ಆ ದಾರಿಯೇ.

ಇನ್ನೆರಡು ಜೋಡಿಗಳು

ಇದೇ ವಿಧಾನ ಬೇರೆ ಜೋಡಿಗಳಿಗೂ ಒಗ್ಗುತ್ತದೆ. ಸ್ಮರಣ ಸಂಚಿಕೆಗಳ ಜಾಹೀರಾತುಗಳಲ್ಲಿ ‘ವಿತ್ ಬೆಸ್ಟ್ ಕಾಂಪ್ಲಿಮೆಂಟ್ಸ್’ ಎಂದು ಅಚ್ಚಾಗುವುದುಂಟು. ಶುಭಾಶಯ, ಪ್ರಶಂಸೆ ಎಂಬ ಈ ಅರ್ಥದಲ್ಲಿ ಪದದ ನಡುವೆ ‘ಐ’ ಇರಬೇಕು. ಉಚಿತ ಪ್ರವೇಶಪತ್ರಕ್ಕೂ ಅದೇ. ಪೂರಕ ಎಂಬ ಅರ್ಥವಿದ್ದರೆ ಆ ಜಾಗದಲ್ಲಿ ‘ಇ’ ಬರಬೇಕು. ಗಣಿತದ ಪೂರಕ ಕೋನಗಳೆರಡು ಸೇರಿ 90 ಡಿಗ್ರಿಯನ್ನು ಪೂರ್ಣಗೊಳಿಸುತ್ತವೆ. ಪೂರ್ಣ ಎಂಬುದಕ್ಕೆ ಇಂಗ್ಲಿಷಿನಲ್ಲಿ ‘ಕಂಪ್ಲೀಟ್’ ಎನ್ನುತ್ತಾರೆ. ಅದರ ನಡುವಿನ ‘ಪಿ-ಎಲ್-ಇ’ ಪೂರಕ ಪದದಲ್ಲಿ ಹಾಗೆಯೇ ಉಳಿದಿದೆ.

ಇನ್ನೊಂದು ಅಡ್ವೈಸ್. ಸಲಹೆ ಎಂಬ ನಾಮಪದಕ್ಕೆ ‘ಸಿ’, ಸಲಹೆ ನೀಡು ಎಂಬ ಕ್ರಿಯಾಪದಕ್ಕೆ ‘ಎಸ್’. ಇಂಗ್ಲಿಷರ ಉಚ್ಚಾರಣೆಯಲ್ಲಿ ಇವೆರಡಕ್ಕೆ ಭೇದವಿದೆ. ಕ್ರಿಯಾಪದದ ಕೊನೆಯಲ್ಲಿ ಅವರು ಹೇಳುವ ದನಿ ಕನ್ನಡದಲ್ಲಿ ಇಲ್ಲದಿರುವುದರಿಂದ ನಮಗೆ ಎರಡೂ ಒಂದೇ ಆಗಿ ಕೇಳಿಸುತ್ತವೆ. ಇಲ್ಲಿ ‘ಐಸ್’ ನೆರವಿಗೆ ಬರುತ್ತದೆ. ಮಂಜುಗಡ್ಡೆ ಒಂದು ವಸ್ತು, ನಾಮಪದ. ಅದರ ಕಾಗುಣಿತ ‘ಐ-ಸಿ-ಇ’. ನಾಮಪದವಾದ ಸಲಹೆಯ ಕೊನೆಯಲ್ಲಿಯೂ ಅದೇ ಇದೆ. ಬ್ರಿಟಿಷ್ ಕಾಗುಣಿತವನ್ನು ಅನುಸರಿಸುವ ನಮ್ಮಲ್ಲಿ ‘ಪ್ರ್ಯಾಕ್ಟೀಸ್’ ಎಂಬ ಪದಕ್ಕೂ ಇದೇ ಸೂತ್ರ. ವಕೀಲರ ವೃತ್ತಿ ನಾಮಪದವಾದ್ದರಿಂದ ‘ಸಿ’, ವೃತ್ತಿ ನಡೆಸು ಎಂಬ ಕ್ರಿಯೆಗೆ ‘ಎಸ್’. ಅಮೆರಿಕನ್ನರು ಮಾತ್ರ ಎರಡಕ್ಕೂ ‘ಸಿ’ ಹಾಕುತ್ತಾರೆ. ಅಮೆರಿಕದ ಗ್ರಂಥಗಳಲ್ಲಿ ಹಾಗೆ ಕಂಡರೆ ಅದು ತಪ್ಪಲ್ಲ.

ಪ್ರಿನ್ಸಿಪಲ್ ಮತ್ತು ಸ್ಟೇಷನರಿಗಳಿಗೆ ಇಂತಹ ದೇಶಭೇದವಿಲ್ಲ. ಲಂಡನ್ನಿನಲ್ಲಿಯೂ ನ್ಯೂಯಾರ್ಕಿನಲ್ಲಿಯೂ ಬೆಂಗಳೂರಿನಲ್ಲಿಯೂ ತತ್ವ ‘ಎಲ್-ಇ’, ಅಸಲು ‘ಎ-ಎಲ್’, ಕಾಗದದ ಸರಕು ‘ಇ-ಆರ್-ವೈ’, ನಿಂತ ವಾಹನ ‘ಎ-ಆರ್-ವೈ’.